ಏಳನೇ ತಾರೀಕಿನ ಲೆಕ್ಕ

ನನ್ನ ತಂಗಿಯ ಮಗ ಪೀಣ್ಯದ ಒಂದು ಕಾರ್ಖಾನೆಯಲ್ಲಿ ಕ್ವಾಲಿಟಿ ವಿಭಾಗದಲ್ಲಿದ್ದಾನೆ. ಡಿಪ್ಲೊಮಾ ಮುಗಿಸಿ ಸೇರಿದವನು. ಕಬ್ಬಿಣದ ತುಂಡನ್ನು ಮೈಕ್ರೋಮೀಟರಿನಲ್ಲಿ ಹಿಡಿದು ಕೂದಲೆಳೆಗಿಂತ ಸಣ್ಣ ವ್ಯತ್ಯಾಸವನ್ನು ಪತ್ತೆ ಮಾಡುವುದು ಅವನ ಕೆಲಸ. ಹೋದ ವರ್ಷ ಒಂದು ಭಾನುವಾರ ಮನೆಗೆ ಬಂದವನು ಊಟ ಮುಗಿಸಿ, ಎಲೆಯಡಿಕೆ ತಟ್ಟೆಯ ಪಕ್ಕ ಕೂತು ಮೆಲ್ಲಗೆ ಹೇಳಿದ: “ಮಾವ, ತಿಂಗಳಿಗೆ ಹನ್ನೊಂದು ಸಾವಿರ ಎಲ್ಲಿ ಹೋಗ್ತಿದೆ ಅಂತ ನಂಗೇ ಗೊತ್ತಾಗ್ತಿಲ್ಲ. ಇಪ್ಪತ್ತನೇ ತಾರೀಕಿಗೆ ರೂಮ್‌ಮೇಟ್ ಹತ್ರ ಕೇಳೋ ಹಂಗಾಗತ್ತೆ.”

ಈ ಅಂಕಣಕ್ಕೆ ಬರುವ ಪತ್ರಗಳಲ್ಲೂ ಇದೇ ಪ್ರಶ್ನೆ ಬೇರೆ ಬೇರೆ ವೇಷದಲ್ಲಿ ಇರುತ್ತದೆ. ಸಂಬಳದಲ್ಲಿ ಎಷ್ಟು ಖರ್ಚು ಮಾಡಬಹುದು, ಎಷ್ಟು ಉಳಿಸಬೇಕು, ಉಳಿಸಿದರೆ ಐದು ವರ್ಷಕ್ಕೆ ಏನಾಗುತ್ತದೆ? ಪ್ರತಿಯೊಬ್ಬರಿಗೂ ಬೇರೆ ಬೇರೆ ಉತ್ತರ ಬರೆಯುವುದಕ್ಕಿಂತ ಆ ಭಾನುವಾರ ಅವನೂ ನಾನೂ ಹಾಳೆಯ ಮೇಲೆ ಮಾಡಿದ ಲೆಕ್ಕವನ್ನೇ ಇಲ್ಲಿ ಇಡುತ್ತೇನೆ.

ಮೊದಲು ಸಂಬಳದ ಚೀಟಿ ತೋರಿಸು ಅಂದೆ. ಮೊಬೈಲಿನಲ್ಲಿ ತೆಗೆದ. ಒಟ್ಟು ಸಂಬಳ 28,000 ರೂಪಾಯಿ. ಅದರಲ್ಲಿ ಪಿಎಫ್‌ಗೆ 1,800, ವೃತ್ತಿ ತೆರಿಗೆ 200 ಕಡಿತ. ಕೈಗೆ ಬರುವುದು 26,000. ಕಡಿತ ಅಂದರೆ ಕಳೆದುಹೋದದ್ದು ಎಂದೇ ಅವನು ಎರಡು ವರ್ಷದಿಂದ ತಿಳಿದಿದ್ದ. ವೃತ್ತಿ ತೆರಿಗೆ ಹೌದು, ಹೋಯಿತು. ಪಿಎಫ್ ಹಾಗಲ್ಲ. ಅವನ ಮೂಲ ವೇತನ 15,000, ಅದರ ನೂರಕ್ಕೆ 12 ಅಂದರೆ 1,800. ಕಾರ್ಖಾನೆಯವರೂ ಅಷ್ಟೇ ಹಾಕಬೇಕು. ಅವರ 1,800ರಲ್ಲಿ 1,250 ಪಿಂಚಣಿ ಯೋಜನೆಗೆ ಹೋಗುತ್ತದೆ, ಉಳಿದ 550 ಇವನ ಪಿಎಫ್ ಖಾತೆಗೇ ಬೀಳುತ್ತದೆ. ಹಾಗಾಗಿ ಇವನು ಒಂದು ಪೈಸೆಯೂ ಉಳಿಸುತ್ತಿಲ್ಲ ಎಂದು ಕೊರಗುತ್ತಿದ್ದಾಗಲೂ ತಿಂಗಳಿಗೆ 2,350 ರೂಪಾಯಿ ಇವನ ಹೆಸರಿನಲ್ಲಿ ಕೂಡುತ್ತಲೇ ಇತ್ತು. ಈ ಸಂಖ್ಯೆಯನ್ನು ಹಾಳೆಯ ಮೂಲೆಯಲ್ಲಿ ಬರೆದಿಟ್ಟೆವು. ಕೊನೆಯಲ್ಲಿ ಬೇಕಾಗುತ್ತದೆ.

ಈಗ ಕೈಗೆ ಬಂದ 26,000ದ ಮಾತು. ಅರ್ಧ ಅಗತ್ಯಕ್ಕೆ, ನೂರಕ್ಕೆ ಮೂವತ್ತು ಆಸೆಗೆ, ಇಪ್ಪತ್ತು ಉಳಿತಾಯಕ್ಕೆ ಎಂಬ ಸೂತ್ರವನ್ನು ನೀವೂ ಕೇಳಿರುತ್ತೀರಿ. ಇದು ಅಮೆರಿಕದಿಂದ ಬಂದದ್ದು. ಎಲಿಜಬೆತ್ ವಾರನ್ ಮತ್ತು ಅವರ ಮಗಳು ಅಮೀಲಿಯಾ ವಾರನ್ ತ್ಯಾಗಿ 2005ರಲ್ಲಿ ತಂದ ಪುಸ್ತಕದಿಂದ ಜನಪ್ರಿಯವಾಯಿತು. ವಾರನ್ ದಿವಾಳಿ ಕಾನೂನು ಕಲಿಸುತ್ತಿದ್ದ ಪ್ರಾಧ್ಯಾಪಕಿ, ಆಮೇಲೆ ಸೆನೆಟರ್ ಆದವರು. ಸೂತ್ರವನ್ನು ನಮ್ಮ ಹುಡುಗನಿಗೆ ಹಚ್ಚಿದರೆ 13,000, 7,800, 5,200 ಎಂದು ಬರುತ್ತದೆ. ನೋಡಲು ಚೆನ್ನಾಗಿದೆ. ಆದರೆ ಅಗತ್ಯದ ಪಟ್ಟಿ ಬರೆಯಲು ಶುರು ಮಾಡಿದ ಕೂಡಲೇ ಸೂತ್ರ ಕುಂಟಿತು.

ಪಿ.ಜಿ.ಗೆ ತಿಂಗಳಿಗೆ 7,500. ಇಬ್ಬರಿಗೊಂದು ಕೋಣೆ, ಬೆಳಗಿನ ತಿಂಡಿ ಮತ್ತು ರಾತ್ರಿ ಊಟ ಅದರಲ್ಲೇ. ಮಧ್ಯಾಹ್ನದ ಊಟ, ಚಹಾಕ್ಕೆ 1,500. ಓಡಾಟಕ್ಕೆ 1,000. ಮೊಬೈಲ್ ರೀಚಾರ್ಜ್ 350. ಸೋಪು, ಕ್ಷೌರ, ಆಗೊಮ್ಮೆ ಈಗೊಮ್ಮೆ ಔಷಧಿಗೆ 650. ಇಷ್ಟಕ್ಕೆ 11,000 ಆಯಿತು. ಆಮೇಲೆ ಅವನು ತಡೆದು ತಡೆದು ಕೇಳಿದ: “ಮನೆಗೆ ನಾಲ್ಕು ಸಾವಿರ ಕಳಿಸ್ತೀನಲ್ಲ ಮಾವ, ಅದನ್ನ ಯಾವುದ್ರಲ್ಲಿ ಬರೀಲಿ?”

ಅಮೆರಿಕದ ಸೂತ್ರದಲ್ಲಿ ಇದಕ್ಕೆ ಕಲಂ ಇಲ್ಲ. ನಮ್ಮಲ್ಲಿ ಮೊದಲ ಸಂಬಳ ಬಂದ ತಿಂಗಳಿನಿಂದಲೇ ಊರಿಗೆ ದುಡ್ಡು ಹೋಗುತ್ತದೆ. ಅದನ್ನು ಆಸೆ ಎನ್ನಲಾಗದು, ಉಳಿತಾಯ ಎನ್ನಲೂ ಆಗದು. ಅಗತ್ಯವನ್ನು ಗುರುತಿಸಲು ನಾನು ಬಳಸುವ ಪರೀಕ್ಷೆ ಒಂದೇ: ಈ ತಿಂಗಳು ಕೊಡದಿದ್ದರೆ ಯಾರಿಗಾದರೂ ನಿಜವಾಗಿ ತೊಂದರೆ ಆಗುತ್ತದೆಯೇ? ಅವನ ತಂಗಿಯ ಕಾಲೇಜಿನ ಬಸ್ಸು, ಮನೆಯ ಗ್ಯಾಸು ಆ ನಾಲ್ಕು ಸಾವಿರದಲ್ಲಿವೆ. ಆದ್ದರಿಂದ ಅದು ಅಗತ್ಯ. ಅಗತ್ಯದ ಮೊತ್ತ 15,000ಕ್ಕೆ ಏರಿತು. ಅರ್ಧವನ್ನು ದಾಟಿ ನೂರಕ್ಕೆ 58 ಆಯಿತು. ದಾಟಲಿ. ಊರಿನ ದುಡ್ಡನ್ನು ಲೆಕ್ಕದಿಂದ ಹೊರಗಿಟ್ಟು ಕಾಗದದ ಮೇಲೆ ಅರ್ಧಕ್ಕೆ ನಿಲ್ಲಿಸಿದವರೇ ತಿಂಗಳ ಕೊನೆಗೆ ಉಳಿತಾಯದ ಖಾತೆಗೆ ಕೈ ಹಾಕುವುದು.

ಅದೇ ಪರೀಕ್ಷೆಗೆ ಸೋತದ್ದು ಅವನ ಫೋನಿನ ಕಂತು. “ಅದು ಕಟ್ಟಲೇಬೇಕಲ್ಲ ಮಾವ, ಕಟ್ಟದಿದ್ರೆ ಬ್ಯಾಂಕಿನವರು ಬಿಡ್ತಾರಾ” ಅಂದ. ಕಟ್ಟಬೇಕು, ನಿಜ. ಆದರೆ ಕಂತು ಎಂಬುದು ಹೋದ ವರ್ಷದ ಆಸೆ ಈ ವರ್ಷದ ಅಗತ್ಯದ ಅಂಗಿ ತೊಟ್ಟು ಬಂದದ್ದು. ಅದನ್ನು ಆಸೆಯ ಕಲಮಿನಲ್ಲೇ ಬರೆಯಬೇಕು. ಇಲ್ಲದಿದ್ದರೆ ಬೈಕು, ಟೀವಿ, ಸೋಫಾ ಎಲ್ಲವೂ ಕಂತಿನ ಬಾಗಿಲಿನಿಂದ ಅಗತ್ಯದೊಳಗೆ ನುಗ್ಗುತ್ತವೆ. ಅವನ ಅದೃಷ್ಟಕ್ಕೆ ಎರಡೇ ಕಂತು ಬಾಕಿ ಇದ್ದವು. ಆ ಎರಡು ತಿಂಗಳು ಆಸೆಯನ್ನು ಬಿಗಿ ಹಿಡಿದು ಮುಗಿಸಿದ.

ಉಳಿದ 11,000ದಲ್ಲಿ 5,000 ಉಳಿತಾಯಕ್ಕೆ, 6,000 ಆಸೆಗೆ ಎಂದು ಗೆರೆ ಎಳೆದೆವು. ಉಳಿತಾಯ ನೂರಕ್ಕೆ 19. ಸೂತ್ರಕ್ಕೆ ಹತ್ತಿರವೇ. ಇಲ್ಲಿಯವರೆಗೆ ಯಾರು ಬೇಕಾದರೂ ಬರುತ್ತಾರೆ. ಇಂಥ ಲೆಕ್ಕಗಳು ಮುರಿಯುವುದು ಮೂರನೆಯ ಅಥವಾ ನಾಲ್ಕನೆಯ ತಿಂಗಳಲ್ಲಿ. ಅದು ಯಾಕೆ ಎಂದು ಹೇಳಲು ನಮ್ಮೂರಿನ ಕಡೆ ಸ್ವಲ್ಪ ಹೋಗಿಬರಬೇಕು.

ನಮ್ಮದು ತಿಪಟೂರಿನ ಸೀಮೆ. ತೆಂಗು, ಕೊಬ್ಬರಿ. ಕಾಯಿ ಅಟ್ಟದ ಮೇಲೆ ತಿಂಗಳುಗಟ್ಟಲೆ ಒಣಗಿ ಕೊಬ್ಬರಿಯಾಗಿ ಮಾರುಕಟ್ಟೆಗೆ ಹೋಗುತ್ತಿತ್ತು. ದುಡ್ಡು ವರ್ಷಕ್ಕೆ ಒಂದೋ ಎರಡೋ ಸಲ ಒಟ್ಟಿಗೆ ಬರುತ್ತಿತ್ತು. ಅಪ್ಪ ಮನೆಗೆ ಬಂದವರೇ ಮೊದಲು ವರ್ಷದ ಅಕ್ಕಿ, ಆಳುಗಳ ಕೂಲಿ, ನಮ್ಮ ಶಾಲೆಯ ಫೀಸು, ಹಬ್ಬದ ಬಟ್ಟೆ, ವರ್ಷದಲ್ಲಿ ಬರಬಹುದಾದ ಮದುವೆಗಳ ಮುಯ್ಯಿಗೆ ಎಂದು ತೆಗೆದಿಡುತ್ತಿದ್ದರು. ಮತ್ತೆ ದುಡ್ಡು ಬರುವುದು ಮುಂದಿನ ಕೊಬ್ಬರಿಗೇ ಎಂಬುದು ಗೊತ್ತಿದ್ದುದರಿಂದ ಇಡೀ ವರ್ಷ ಅವರ ಕಣ್ಣ ಮುಂದಿರುತ್ತಿತ್ತು. ತಿಂಗಳ ಸಂಬಳದವರಿಗೆ ಈ ಕಣ್ಣು ಹೋಗಿಬಿಡುತ್ತದೆ. ಮೂವತ್ತು ದಿನಕ್ಕೆ ಮತ್ತೆ ದುಡ್ಡು ಬರುತ್ತದಲ್ಲ, ಹಾಗಾಗಿ ಲೆಕ್ಕವೂ ಮೂವತ್ತು ದಿನದ್ದೇ ಆಗುತ್ತದೆ. ಗೌರಿ ಹಬ್ಬ ಮಾತ್ರ ವರ್ಷಕ್ಕೊಮ್ಮೆ ಬಂದೇ ಬರುತ್ತದೆ.

ಹುಡುಗನ ವರ್ಷದ ಖರ್ಚುಗಳನ್ನು ಕೇಳಿ ಬರೆದೆ. ಹಬ್ಬಗಳಿಗೆ ಊರಿಗೆ ಹೋಗಿಬರುವುದು ಮತ್ತು ಮನೆಯವರಿಗೆ ಬಟ್ಟೆ, ಎಲ್ಲ ಸೇರಿ 7,000. ಗೆಳೆಯರ ಮದುವೆಗಳ ಮುಯ್ಯಿ, ಓಡಾಟ 3,000. ಶೂ, ತನ್ನ ಬಟ್ಟೆ 3,000. ಮೂರು ವರ್ಷಕ್ಕೊಂದು 15,000ದ ಫೋನು ಎಂದರೆ ವರ್ಷದ ಪಾಲು 5,000. ಒಟ್ಟು 18,000, ಹನ್ನೆರಡರಿಂದ ಭಾಗಿಸಿದರೆ ತಿಂಗಳಿಗೆ 1,500. ಅವನ ಮೂಲ ಲೆಕ್ಕದಲ್ಲಿ ಈ 1,500 ಎಲ್ಲೂ ಇರಲಿಲ್ಲ. ಇಲ್ಲದ್ದರಿಂದಲೇ ಸೆಪ್ಟೆಂಬರಿನಲ್ಲಿ ಹಬ್ಬ ಬಂದಾಗ ಅದು ‘ಅನಿರೀಕ್ಷಿತ ಖರ್ಚು’ ಆಗುತ್ತಿತ್ತು. ಈಗ ಆಸೆಯ 6,000ದಿಂದ 1,500 ವರ್ಷದ ಖರ್ಚಿನ ಗಂಟಿಗೆ ಹೋಗುತ್ತದೆ. ಉಳಿದ 4,500 ಸಿನಿಮಾ, ಬಿರಿಯಾನಿ, ಭಾನುವಾರದ ತಿರುಗಾಟಕ್ಕೆ. ವಾರಕ್ಕೆ ಸಾವಿರ ಚಿಲ್ಲರೆ. ಅದನ್ನು ಹೇಗೆ ಬೇಕಾದರೂ ಖರ್ಚು ಮಾಡಲಿ, ಯಾರೂ ಕೇಳಬಾರದು. ಆಸೆಯ ದುಡ್ಡಿಗೂ ಲೆಕ್ಕ ಕೇಳಿದರೆ ಆ ಉಳಿತಾಯ ಆರು ತಿಂಗಳೂ ಬಾಳದು.

ಇನ್ನು ದುಡ್ಡನ್ನು ಬೇರೆ ಬೇರೆ ಮಾಡುವ ಕ್ರಮ. ಅವನಿಗೆ ಸಂಬಳ ಬೀಳುವುದು ಏಳನೇ ತಾರೀಕು. ತಿಂಗಳ ಕೊನೆಗೆ ಉಳಿದದ್ದನ್ನು ಉಳಿಸುತ್ತೇನೆ ಎಂದರೆ ಉಳಿಯುವುದು ಸೊನ್ನೆ ಎಂದು ಎರಡು ವರ್ಷದ ಅನುಭವ ಅವನಿಗೇ ಕಲಿಸಿತ್ತು. ಆದ್ದರಿಂದ ಎಂಟನೇ ತಾರೀಕಿಗೆ 5,000 ಬ್ಯಾಂಕಿನಿಂದ ತಾನಾಗಿಯೇ ಕಡಿತವಾಗುವ ಹಾಗೆ ಸೂಚನೆ ಕೊಡಿಸಿದೆ. ಆ ಪಿಎಫ್ 1,800ರ ಬಗ್ಗೆ ಅವನು ಒಂದು ದಿನವೂ ಸಂಕಟಪಟ್ಟಿರಲಿಲ್ಲ, ಕೈಗೆ ಬರುವ ಮುಂಚೆಯೇ ಹೋಗುತ್ತಿತ್ತಲ್ಲ, ಅದಕ್ಕೆ. ಇದೂ ಹಾಗೇ ಆಗಲಿ ಎಂಬುದು ನನ್ನ ಲೆಕ್ಕಾಚಾರ. ಇನ್ನೊಂದು ಬ್ಯಾಂಕಿನಲ್ಲಿ ಅವನಿಗೆ ಹಳೆಯ ವಿದ್ಯಾರ್ಥಿ ಖಾತೆ ಇತ್ತು. ಆಸೆಯ 4,500 ಅದಕ್ಕೆ ಹೋಗುತ್ತದೆ, ಫೋನಿನ ಯುಪಿಐ ಆ ಖಾತೆಗೆ ಮಾತ್ರ ಜೋಡಣೆ. ಕ್ಯೂಆರ್ ಚೀಟಿ ಕಂಡಲ್ಲೆಲ್ಲ ಫೋನು ಹಿಡಿದರೂ ಆ ಖಾತೆಯಲ್ಲಿ ಇರುವಷ್ಟೇ ಹೋಗುತ್ತದೆ. ಖಾಲಿಯಾದರೆ ತಿಂಗಳು ಮುಗಿಯಿತು ಎಂದರ್ಥ.

ಮೊದಲ ಒಂಬತ್ತು ತಿಂಗಳು ಆ 5,000ವನ್ನು ಎಲ್ಲೂ ‘ಬೆಳೆಸಲು’ ಹಾಕಲಿಲ್ಲ. ಅಗತ್ಯ ತಿಂಗಳಿಗೆ 15,000, ಮೂರು ತಿಂಗಳಿನದು 45,000. ಕೆಲಸ ಹೋದರೆ, ಜ್ವರ ಹಿಡಿದರೆ, ಊರಿನಿಂದ ಫೋನು ಬಂದರೆ ತೆಗೆಯಲು ಅಷ್ಟು ಬೇಕು. ಅದು ಒಂಬತ್ತು ತಿಂಗಳಿಗೆ ಕೂಡಿತು. ಇಂಥ ದುಡ್ಡಿಗೆ ಬಡ್ಡಿ ಮುಖ್ಯವಲ್ಲ, ರಾತ್ರಿ ಹನ್ನೊಂದಕ್ಕೂ ತೆಗೆಯಲು ಬರಬೇಕು. ಉಳಿತಾಯ ಖಾತೆಯಲ್ಲಿ ಸ್ವಲ್ಪ, ಉಳಿದದ್ದು ಯಾವಾಗ ಬೇಕಾದರೂ ಮುರಿಯಬಹುದಾದ ಸಣ್ಣ ಸಣ್ಣ ಎಫ್‌.ಡಿ.ಗಳಲ್ಲಿ. 45,000ದ್ದೇ ಒಂದು ಎಫ್‌.ಡಿ. ಮಾಡಿದರೆ ಐದು ಸಾವಿರ ಬೇಕಾದಾಗಲೂ ಪೂರ್ತಿ ಮುರಿಯಬೇಕಾಗಬಹುದು.

ಹತ್ತನೇ ತಿಂಗಳಿನಿಂದ 5,000 ಎರಡು ಹೋಳಾಯಿತು. 3,000 ಬ್ಯಾಂಕಿನ ಆರ್‌.ಡಿ.ಗೆ, 2,000 ಒಂದು ಇಂಡೆಕ್ಸ್ ಫಂಡಿನ ಎಸ್‌ಐಪಿಗೆ. ಅಂಚೆ ಕಚೇರಿಯ ಆರ್‌.ಡಿ. ಯಾಕಲ್ಲ ಎಂದು ನನ್ನ ತಂಗಿ ಕೇಳಿದಳು. ಅಂಚೆಯದು ಭದ್ರ, ಬಡ್ಡಿಯೂ ಚೆನ್ನಾಗಿದೆ. ಆದರೆ ಅದು ಕಡ್ಡಾಯ 60 ತಿಂಗಳಿನದು. ಮೂರು ವರ್ಷ ತುಂಬುವ ತನಕ ಮುಚ್ಚಲು ಬರುವುದಿಲ್ಲ, ಆಮೇಲೆ ನಡುವೆ ಮುಚ್ಚಿದರೆ ಆರ್‌.ಡಿ.ಯ ಬಡ್ಡಿ ಬಿಟ್ಟು ಉಳಿತಾಯ ಖಾತೆಯ ಬಡ್ಡಿಯನ್ನಷ್ಟೇ ಕೊಡುತ್ತಾರೆ. ಇವನಿಗೆ ಐದು ವರ್ಷದ ಗಡಿಗೆ ಉಳಿದಿದ್ದುದು 51 ತಿಂಗಳು. ಬ್ಯಾಂಕಿನಲ್ಲಿ ಅವಧಿಯನ್ನು ನಾವೇ ಆರಿಸಬಹುದು. ಹಾಗಾಗಿ ಅಲ್ಲಿ.

ಎಸ್‌ಐಪಿಯ 2,000ದ ಬಗ್ಗೆ ನಾನು ಅವನಿಗೆ ಆಸೆಗಿಂತ ಹೆದರಿಕೆಯನ್ನೇ ಹೆಚ್ಚು ಹೇಳಿದೆ. 2020ರ ಜನವರಿಯಲ್ಲಿ 12,000 ದಾಟಿದ್ದ ನಿಫ್ಟಿ ಮಾರ್ಚ್ 23ಕ್ಕೆ 7,600ರ ಹತ್ತಿರ ಬಂದು ಬಿದ್ದಿತ್ತು. ಎರಡೇ ತಿಂಗಳಲ್ಲಿ ನೂರಕ್ಕೆ 38ರಷ್ಟು ಕುಸಿತ. ಆಮೇಲೆ ಎದ್ದಿತು, ನಿಜ. ಆದರೆ ಆ ಏಪ್ರಿಲ್‌ನಲ್ಲೇ ತಂಗಿಯ ಮದುವೆ ಇದ್ದವನು ಕಾಯುವುದು ಹೇಗೆ? ಐದು ವರ್ಷ ಎಂಬುದು ಷೇರುಪೇಟೆಗೆ ದೊಡ್ಡ ಕಾಲವಲ್ಲ. ತಾರೀಕು ಗೊತ್ತಿರುವ ಖರ್ಚಿನ ದುಡ್ಡು ಅಲ್ಲಿರಬಾರದು. ಆ ಭಾಗ ಐದನೇ ವರ್ಷಕ್ಕೆ ಕಡಿಮೆಯಿದ್ದರೆ ಇನ್ನೆರಡು ಮೂರು ವರ್ಷ ಮುಟ್ಟದೆ ಬಿಡಲು ಸಾಧ್ಯವಿದ್ದರೆ ಮಾತ್ರ ಹಾಕು ಎಂದೆ. ಅದಕ್ಕೇ ಐದರಲ್ಲಿ ಎರಡು ಪಾಲು ಅಲ್ಲಿ, ಮೂರು ಪಾಲು ಇಲ್ಲಿ.

ಈಗ ಐದು ವರ್ಷದ ಮೊತ್ತ. 45,000ದ ಆಪತ್ತಿನ ಗಂಟು, ಅದರ ಸಣ್ಣ ಬಡ್ಡಿಯನ್ನು ಬಿಟ್ಟುಬಿಡೋಣ. 3,000ದ ಆರ್‌.ಡಿ. 51 ತಿಂಗಳಿಗೆ, ಬಡ್ಡಿ 6.5 ಎಂದು ಹಿಡಿದರೆ ಸುಮಾರು 1 ಲಕ್ಷ 76 ಸಾವಿರ. ಎಸ್‌ಐಪಿಗೆ ಹಾಕಿದ್ದು 1 ಲಕ್ಷ 2 ಸಾವಿರ, ಸರಾಸರಿ ವರ್ಷಕ್ಕೆ ನೂರಕ್ಕೆ 10 ಬೆಳೆದರೆ 1 ಲಕ್ಷ 27 ಸಾವಿರ. ಕೊನೆಯ ಗಳಿಗೆಯಲ್ಲಿ 2020ರಂಥ ಕುಸಿತ ಬಂದರೆ ಅದೇ 80 ಸಾವಿರಕ್ಕೂ ಇಳಿಯಬಹುದು. ಎಲ್ಲ ಸರಿಯಾಗಿ ನಡೆದರೆ ಒಟ್ಟು 3 ಲಕ್ಷ 48 ಸಾವಿರ. ಇವನು ಕೈಯಾರೆ ಹಾಕಿದ್ದು 3 ಲಕ್ಷ.

ಹುಡುಗನ ಮುಖ ಬಾಡಿತು. “ಐದು ವರ್ಷ ಹೊಟ್ಟೆ ಕಟ್ಟಿ ನಲವತ್ತೆಂಟು ಸಾವಿರನಾ ಮಾವ?” ಅಂದ. ಈ ಅಂಕಣ ಬರೆಯಲು ನಿಜವಾದ ಕಾರಣ ಆ ಪ್ರಶ್ನೆ. ಐದು ವರ್ಷದಲ್ಲಿ ಬಡ್ಡಿ ಪವಾಡ ಮಾಡುವುದಿಲ್ಲ. ಚಕ್ರಬಡ್ಡಿಯ ಕಥೆಗಳೆಲ್ಲ ಇಪ್ಪತ್ತು, ಮೂವತ್ತು ವರ್ಷದವು. ತಿಂಗಳು ತಿಂಗಳು ಕಟ್ಟುವ ದುಡ್ಡಿನಲ್ಲಿ ಮೊದಲ ಕಂತಿಗೆ ಮಾತ್ರ ಪೂರ್ತಿ ಅವಧಿಯ ಬಡ್ಡಿ, ಕೊನೆಯ ಕಂತಿಗೆ ಒಂದೇ ತಿಂಗಳಿನದು. ಸರಾಸರಿ ತೆಗೆದರೆ ಅವನ ದುಡ್ಡು ದುಡಿಯುವುದು ಎರಡೂವರೆ ವರ್ಷ ಅಷ್ಟೇ.

ಇದನ್ನು ಇನ್ನೊಂದು ರೀತಿ ತೋರಿಸಿದೆ. ತಿಂಗಳಿಗೆ 5,000ದಂತೆ ಐದು ವರ್ಷ, ಯಾರೋ ಜಾಣ ನೂರಕ್ಕೆ 12 ಗಳಿಸಿಕೊಟ್ಟ ಎಂದುಕೊಳ್ಳೋಣ. 4 ಲಕ್ಷ 12 ಸಾವಿರ ಆಗುತ್ತದೆ. ಇನ್ನೊಬ್ಬ ಏನೂ ತಲೆ ಓಡಿಸದೆ ಅಂಚೆ ಕಚೇರಿಯ ಆರ್‌.ಡಿ.ಯಲ್ಲಿ 6.7ರ ಬಡ್ಡಿಗೆ 6,000 ಕಟ್ಟಿದ. ಅವನಿಗೆ 4 ಲಕ್ಷ 28 ಸಾವಿರ. ತಿಂಗಳಿಗೆ ಸಾವಿರ ಹೆಚ್ಚು ಕಟ್ಟಿದವನು, ಹೆಚ್ಚುಕಡಿಮೆ ಎರಡರಷ್ಟು ಬಡ್ಡಿ ಹುಡುಕಿದವನನ್ನು ಹಿಂದೆ ಹಾಕಿದ. ಮೊದಲ ಐದು ವರ್ಷ ಯಾವ ಫಂಡು, ಯಾವ ಬ್ಯಾಂಕು ಎಂದು ರಾತ್ರಿಯೆಲ್ಲ ವಿಡಿಯೊ ನೋಡುವ ಹುಡುಗರಿಗೆ ನಾನು ಹೇಳುವುದು ಇಷ್ಟೇ. ಮೊತ್ತವನ್ನು ಕಟ್ಟುವುದು ನಿಮ್ಮ ಕಂತು, ಬಡ್ಡಿ ಅದಕ್ಕೆ ಬಳಿಯುವ ಸುಣ್ಣ.

ಆ ಹೆಚ್ಚಿನ ಸಾವಿರ ಎಲ್ಲಿಂದ ಬರಬೇಕು? ಈಗಿನ ಸಂಬಳವನ್ನು ಹಿಂಡಿ ಅಲ್ಲ. ವರ್ಷಕ್ಕೊಮ್ಮೆ ಇನ್‌ಕ್ರಿಮೆಂಟ್ ಬಂದಾಗ ಅದರ ಅರ್ಧವನ್ನು, ಹೊಸ ಸಂಬಳ ಬಿದ್ದ ಮೊದಲ ತಿಂಗಳೇ, ಉಳಿತಾಯದ ಸೂಚನೆಗೆ ಸೇರಿಸಬೇಕು. ವರ್ಷಕ್ಕೆ 2,000 ಏರಿದರೆ ಉಳಿತಾಯ 5,000ದಿಂದ 6,000, 7,000, 8,000, ಐದನೇ ವರ್ಷ 9,000 ಆಗುತ್ತದೆ. ಅಂಚೆಯ 6.7ರ ಬಡ್ಡಿಯನ್ನೇ ಅಳತೆಗೋಲಾಗಿ ಇಟ್ಟುಕೊಂಡರೂ ಐದು ವರ್ಷಕ್ಕೆ 4 ಲಕ್ಷ 90 ಸಾವಿರ. ಏರಿಸದೆ 5,000ದಲ್ಲೇ ನಿಂತಿದ್ದರೆ ಅದೇ ಬಡ್ಡಿಗೆ 3 ಲಕ್ಷ 57 ಸಾವಿರ. ಏರಿಕೆಯ ಉಳಿದರ್ಧ ಅವನದೇ, ಪಿ.ಜಿ. ಬಾಡಿಗೆ ಏರುತ್ತದೆ, ಊರಿಗೆ ಇನ್ನೈನೂರು ಹೋಗುತ್ತದೆ. ಬೆಲೆಗಳೂ ಸುಮ್ಮನಿರುವುದಿಲ್ಲ. ರಿಸರ್ವ್ ಬ್ಯಾಂಕ್ ಗುರಿ ಇಟ್ಟುಕೊಂಡಿರುವ ನೂರಕ್ಕೆ 4ರ ಹಣದುಬ್ಬರವೇ ನಡೆದರೂ ಐದು ವರ್ಷದ ನಂತರದ 3 ಲಕ್ಷ 48 ಸಾವಿರ ಇಂದಿನ 2 ಲಕ್ಷ 86 ಸಾವಿರಕ್ಕೆ ಸಮ. ಉಳಿತಾಯ ಸಂಬಳದ ಜೊತೆ ಹೆಜ್ಜೆ ಹಾಕದಿದ್ದರೆ ಹಿಂದೆ ಬೀಳುತ್ತದೆ.

ಈಗ ಹಾಳೆಯ ಮೂಲೆಯಲ್ಲಿ ಬರೆದಿಟ್ಟ ಸಂಖ್ಯೆ. ತಿಂಗಳಿಗೆ 2,350ರಂತೆ ಐದು ವರ್ಷ, 2024–25ಕ್ಕೆ ಕೊಟ್ಟ 8.25ರ ಬಡ್ಡಿಯೇ ಮುಂದುವರಿದರೆ ಪಿಎಫ್‌ನಲ್ಲಿ 1 ಲಕ್ಷ 70 ಸಾವಿರಕ್ಕೂ ಹೆಚ್ಚು ಇರುತ್ತದೆ. ಅವನು ಒಮ್ಮೆಯೂ ಉಳಿತಾಯ ಎಂದು ಎಣಿಸದ ದುಡ್ಡು. ಎರಡೂ ಸೇರಿದರೆ ಐದು ಲಕ್ಷ ದಾಟಿತು. ಆದರೆ ಚಿಕ್ಕ ವಯಸ್ಸಿನವರು ಕೈಯಾರೆ ಕರಗಿಸಿಕೊಳ್ಳುವುದೂ ಇದನ್ನೇ. ಕೆಲಸ ಬದಲಾಯಿಸಿದಾಗ ಹಳೆಯ ಪಿಎಫ್ ತೆಗೆದು ಬೈಕಿಗೆ ಮುಂಗಡ ಕಟ್ಟುತ್ತಾರೆ. ಯುಎಎನ್ ಸಂಖ್ಯೆ ಒಂದೇ ಇರುವುದರಿಂದ ಹೊಸ ಕಂಪನಿಗೆ ಅದನ್ನು ಕೊಟ್ಟು, ಹಳೆಯ ದುಡ್ಡು ಹೊಸ ಖಾತೆಗೆ ಬಂದಿದೆಯೇ ಎಂದು ಪಾಸ್‌ಬುಕ್ಕಿನಲ್ಲಿ ನೋಡಿದರೆ ಸಾಕು. ಐದು ವರ್ಷದ ಸೇವೆ ಮುಗಿಯುವ ಮುಂಚೆ ತೆಗೆದ ಪಿಎಫ್ ತೆರಿಗೆಯ ಲೆಕ್ಕಕ್ಕೆ ಬರುತ್ತದೆ. ವರ್ಗಾಯಿಸಿಕೊಂಡರೆ ಹಳೆಯ ಕಂಪನಿಯ ವರ್ಷಗಳೂ ಆ ಐದರಲ್ಲಿ ಸೇರುತ್ತವೆ. ಪಿಂಚಣಿಗೆ ಹತ್ತು ವರ್ಷದ ಸೇವೆ ಬೇಕು, ನಡುವೆ ಕಿತ್ತುಕೊಂಡವರಿಗೆ ಅದು ಮತ್ತೆ ಒಂದರಿಂದ ಶುರು.

ಕಿತ್ತುಕೊಳ್ಳುವುದರ ಬಗ್ಗೆ ನಾನು ಉಪದೇಶ ಮಾಡುವ ಹಕ್ಕುಳ್ಳವನೇನಲ್ಲ. ನನ್ನ ಮೊದಲ ಕೆಲಸದ ದಿನಗಳಲ್ಲಿ ಬಂಧುವೊಬ್ಬರು ಒಂದು ವಿಮಾ ಪಾಲಿಸಿ ಮಾಡಿಸಿದರು. ಉಳಿತಾಯವೂ ಆಯಿತು, ವಿಮೆಯೂ ಆಯಿತು ಎಂದರು. ವರ್ಷದ ಕಂತು ಎರಡು ತಿಂಗಳ ಸಂಬಳದಷ್ಟಿತ್ತು. ಎರಡನೆಯ ವರ್ಷ ಕಂತಿನ ಸಮಯಕ್ಕೂ ಅಕ್ಕನ ಮದುವೆಗೂ ತಾಳೆಯಾಯಿತು. ಕಟ್ಟಲಾಗಲಿಲ್ಲ. ಕೆಲವು ತಿಂಗಳು ಬಿಟ್ಟು ಹೋಗಿ ಕೇಳಿದರೆ ಇಷ್ಟು ಬೇಗ ನಿಲ್ಲಿಸಿದರೆ ಏನೂ ವಾಪಸಿಲ್ಲ ಎಂದರು. ಪಾಲಿಸಿ ಕೆಟ್ಟದ್ದಿತ್ತೋ ಒಳ್ಳೆಯದಿತ್ತೋ, ಆ ವಯಸ್ಸಿಗೆ, ಆ ಸಂಬಳಕ್ಕೆ ಅಷ್ಟು ಗಟ್ಟಿಯಾಗಿ ಕಟ್ಟಿಹಾಕುವ ಕಂತು ತಪ್ಪು. ಆಪತ್ತಿನ ಗಂಟು ಇಲ್ಲದೆ ದೀರ್ಘಾವಧಿಯ ಕಂತಿಗೆ ಸಹಿ ಹಾಕಿದ್ದು ಅದಕ್ಕಿಂತ ದೊಡ್ಡ ತಪ್ಪು. ಒಂಬತ್ತು ತಿಂಗಳು ಏನನ್ನೂ ಬೆಳೆಸಬೇಡ ಎಂದು ಹುಡುಗನಿಗೆ ನಾನು ಪಟ್ಟು ಹಿಡಿದದ್ದು ಆ ನೆನಪಿನಿಂದ.

ಈ ಹಂಚಿಕೆ ಎಲ್ಲರಿಗೂ ಒಗ್ಗುವುದಿಲ್ಲ. ಬೆಂಗಳೂರಿನಲ್ಲಿ ಕೈಗೆ 16,000 ಬರುವವನಿಗೆ ಅಗತ್ಯವೇ 14,000 ಇರುತ್ತದೆ. ಅಲ್ಲಿ ನೂರಕ್ಕೆ ಇಪ್ಪತ್ತು ಎನ್ನುವುದು ಕ್ರೌರ್ಯ. ಅವನು 500 ಕಟ್ಟಲಿ, ವರ್ಷದ ಖರ್ಚಿನ ಗಂಟನ್ನು ಮಾತ್ರ ತಪ್ಪಿಸದಿರಲಿ. ಸಾಲ ಇದ್ದವರ ಕ್ರಮ ಬೇರೆಯೇ. ಊರಲ್ಲಿ ಮೂರು ರೂಪಾಯಿ ಬಡ್ಡಿ ಎಂದರೆ ನೂರಕ್ಕೆ ತಿಂಗಳಿಗೆ ಮೂರು, ವರ್ಷಕ್ಕೆ ಮೂವತ್ತಾರು ಎಂದು ಎಲ್ಲರಿಗೂ ಗೊತ್ತು, ಅಂಥ ಸಾಲವೆಂದರೆ ಹೆದರುತ್ತಾರೆ. ಅದೇ ಜನ ಕ್ರೆಡಿಟ್ ಕಾರ್ಡಿನಲ್ಲಿ ‘ಕನಿಷ್ಠ ಮೊತ್ತ’ ಮಾತ್ರ ಕಟ್ಟುತ್ತ ಮೂರು, ಮೂರೂವರೆ ರೂಪಾಯಿ ಬಡ್ಡಿ ತೆರುತ್ತಿರುತ್ತಾರೆ. ಅಂಥ ಬಾಕಿ ಇದ್ದರೆ ಉಳಿತಾಯದ ಕಲಮಿನ ದುಡ್ಡೆಲ್ಲ ಮೊದಲು ಅಲ್ಲಿಗೆ ಹೋಗಲಿ. ಯಾವ ಆರ್‌.ಡಿ.ಯೂ ಮೂವತ್ತಾರು ಕೊಡುವುದಿಲ್ಲ.

ಹಂಚಿಕೆ ಸರಿಯಿದೆಯೇ ಎಂದು ತಿಳಿಯಲು ಒಂದೇ ಜಾಗ ನೋಡಿದರೆ ಸಾಕು. ಎಂಟನೇ ತಾರೀಕು ಹೋದ ದುಡ್ಡು ಇಪ್ಪತ್ತೈದಕ್ಕೆ ತಿರುಗಿ ಬರುತ್ತಿದೆಯೇ? ಒಮ್ಮೆ ಬಂದರೆ ಅಪಘಾತ. ಸತತ ಮೂರು ತಿಂಗಳು ಬಂದರೆ ಅಗತ್ಯವನ್ನು ಕಡಿಮೆ ಬರೆದಿದ್ದೀರಿ ಎಂದರ್ಥ. ಆಗ ಮನಸ್ಸನ್ನು ಬೈಯುವುದು ಬಿಟ್ಟು ಸಂಖ್ಯೆಯನ್ನು ತಿದ್ದಬೇಕು. 5,000 ಕಟ್ಟಿ 2,000 ಕೀಳುವುದಕ್ಕಿಂತ 3,000 ಕಟ್ಟಿ ಮುಟ್ಟದಿರುವುದು ಲೇಸು.

ಹನ್ನೊಂದನೇ ತಿಂಗಳಿನಲ್ಲಿ ನಮ್ಮ ಲೆಕ್ಕಕ್ಕೂ ಪರೀಕ್ಷೆ ಬಂತು. ಭಾವ ತೋಟದಲ್ಲಿ ಜಾರಿ ಬಿದ್ದು ಮುಂಗೈ ಮೂಳೆ ಮುರಿದುಕೊಂಡರು. ಆಸ್ಪತ್ರೆಯ ಬಿಲ್ಲು 22,000. ಹುಡುಗ ಅದೇ ರಾತ್ರಿ ಎರಡು ಎಫ್‌.ಡಿ. ಮುರಿದು, ಖಾತೆಯಲ್ಲಿದ್ದದ್ದನ್ನೂ ಸೇರಿಸಿ ಕಳಿಸಿದ. ಆರ್‌.ಡಿ.ಯ ಕಂತು ನಿಲ್ಲಲಿಲ್ಲ. ಎಸ್‌ಐಪಿಯನ್ನು ನಿಲ್ಲಿಸಿದ, ಅದಕ್ಕೆ ಫಂಡಿನವರು ದಂಡ ಹಾಕುವುದಿಲ್ಲ. ಆ 2,000ಕ್ಕೆ ಆಸೆಯ ಒಂದು ಸಾವಿರ ಸೇರಿಸಿ, ತಿಂಗಳಿಗೆ ಮೂರು ಸಾವಿರದಂತೆ ಗಂಟನ್ನು ಮತ್ತೆ 45,000ಕ್ಕೆ ತುಂಬುತ್ತಿದ್ದಾನೆ. ಎಂಟು ತಿಂಗಳ ಕೆಲಸ. ಅಂದರೆ ಮೇಲೆ ಬರೆದ 3 ಲಕ್ಷ 48 ಸಾವಿರ ಈಗಾಗಲೇ ಸುಳ್ಳಾಗಿದೆ, ಐದನೇ ವರ್ಷಕ್ಕೆ ಇಪ್ಪತ್ತು ಸಾವಿರದಷ್ಟು ಕಡಿಮೆಯೇ ಇರುತ್ತದೆ.

ಮೊನ್ನೆ ಬಂದಿದ್ದಾಗ ಅವನೇ ಒಂದು ಸಣ್ಣ ಲೆಕ್ಕ ಮಾಡಿ ತೋರಿಸಿದ. ಆ 22,000ವನ್ನು ಅವರಪ್ಪ ಎಂದಿನಂತೆ ಊರಲ್ಲಿ ಮೂರು ರೂಪಾಯಿ ಬಡ್ಡಿಗೆ ತಂದಿದ್ದರೆ ತಿಂಗಳಿಗೆ ಬಡ್ಡಿಯೇ 660 ಆಗುತ್ತಿತ್ತು, ಅಸಲು ಹಾಗೇ ಇರುತ್ತಿತ್ತು. “ಮುಂಚೆ ಆಗಿದ್ರೆ ಅದನ್ನೂ ನಾನೇ ಕಳಿಸ್ತಿದ್ದೆ ಮಾವ, ಅಗತ್ಯದ ಕಲಮಿನಲ್ಲಿ” ಅಂದ. ನಾನು ಏನೂ ಹೇಳಬೇಕಾಗಲಿಲ್ಲ.